ಮೆಂತ್ಯದ ಲೆಕ್ಕ

ಎಂಬತ್ತು ಕಿಲೋ ಸಾಂಬಾರ್ ಪುಡಿಗೆ ಮೆಂತ್ಯ ಮೂರೇ ಕಿಲೋ. ಕೊತ್ತಂಬರಿ ಬೀಜ 36, ಒಣಮೆಣಸಿನಕಾಯಿ 24, ಕಡಲೆಬೇಳೆ 6, ಉದ್ದಿನಬೇಳೆ 4, ಜೀರಿಗೆ 4, ಕಾಳುಮೆಣಸು 2, ಅರಿಸಿನ 1. ನಮ್ಮ ಅತ್ತಿಗೆಗೆ ಇದು ಬಾಯಿಪಾಠ. ಆದರೆ ಯಂತ್ರ ಕೊಳ್ಳಲು ಹೊರಟ ದಿನಗಳಲ್ಲಿ ಈ ಲೆಕ್ಕವನ್ನು ನಾವಿಬ್ಬರೂ ಮನೆಯಲ್ಲೇ ಬಿಟ್ಟು ಹೋಗುತ್ತಿದ್ದೆವು. ಜೇಬಿನ ಚೀಟಿಯಲ್ಲಿ ಇದ್ದದ್ದು ಬೇರೆಯೇ ಲೆಕ್ಕ: ಹಳೆಯದಾದರೆ ಎಷ್ಟು, ಹೊಸದಾದರೆ ಎಷ್ಟು.

ಕುಣಿಗಲ್ಲಿನಲ್ಲಿ ನಾವು ಪುಡಿಯ ಘಟಕ ಶುರು ಮಾಡಿದ್ದು 2021ರಲ್ಲಿ. ಅದಕ್ಕೂ ಮೊದಲು ಅತ್ತಿಗೆ ಮನೆಯಲ್ಲೇ ಹುರಿದು, ಊರಿನ ಗಿರಣಿಯಲ್ಲಿ ಬೀಸಿಸಿ, ಗೊತ್ತಿದ್ದವರಿಗೆ ಕೊಡುತ್ತಿದ್ದರು. ಬೆಂಗಳೂರಿನ ನಾಲ್ಕಾರು ಅಂಗಡಿಗಳು ಕೇಳತೊಡಗಿದ ಮೇಲೆ ಗಿರಣಿ ಸಾಲದಾಯಿತು. ನಮಗಿಂತ ಮುಂಚೆ ಯಾರೋ ಅಕ್ಕಿ ಬೀಸಿಸಿದ್ದರೆ ನಮ್ಮ ಪುಡಿ ಬೆಳ್ಳಗಾಗುತ್ತಿತ್ತು, ನಮ್ಮ ನಂತರ ಬಂದವರ ಹಿಟ್ಟಿನಲ್ಲಿ ಮೆಣಸಿನಕಾಯಿ ಘಾಟು ಉಳಿಯುತ್ತಿತ್ತು. ಹಾಗಾಗಿ ಹುರಿಯಲು ಒಂದು, ಬೀಸಲು ಒಂದು, ಪೊಟ್ಟಣ ಕಟ್ಟಲು ಒಂದು, ಹೀಗೆ ಮೂರು ಯಂತ್ರ ಬೇಕೆಂದು ತೀರ್ಮಾನಿಸಿದೆವು. ಮೂರರಲ್ಲಿ ಎರಡು ಹಳೆಯವು, ಒಂದು ಹೊಸದು. ಒಂದು ನಮ್ಮನ್ನು ಕಾಪಾಡಿತು, ಎರಡು ಪಾಠ ಕಲಿಸಿದವು. ಕಾಪಾಡಿದ್ದು ಯಾಕೆ, ಕೈಕೊಟ್ಟಿದ್ದು ಯಾಕೆ ಎಂದು ಯೋಚಿಸುತ್ತ ಹೋದರೆ, ಹಳೆಯದೋ ಹೊಸದೋ ಎಂಬ ಪ್ರಶ್ನೆಯ ಹಿಂದೆ ಇನ್ನೊಂದು ಪ್ರಶ್ನೆ ಕೂತಿರುವುದು ಕಾಣುತ್ತದೆ.

ಬೀಸುವ ಯಂತ್ರದಿಂದಲೇ ಶುರು ಮಾಡುತ್ತೇನೆ. ಪಲ್ವರೈಸರ್ ಎಂದು ಎಲ್ಲರೂ ಕರೆಯುವ ಈ ಯಂತ್ರದ ಹೊಟ್ಟೆಯಲ್ಲಿ ಉಕ್ಕಿನ ಬೀಟರ್‌ಗಳು ಗಿರ್ರನೆ ತಿರುಗುತ್ತ ಕಾಳನ್ನು ಹೊಡೆದು ಪುಡಿ ಮಾಡುತ್ತವೆ. ಸುತ್ತ ಇರುವ ಜರಡಿಯ ತೂತಿನಷ್ಟು ಸಣ್ಣಗಾದದ್ದು ಹೊರಗೆ ಬರುತ್ತದೆ, ಉಳಿದದ್ದು ಒಳಗೇ ಇನ್ನಷ್ಟು ಏಟು ತಿನ್ನುತ್ತದೆ. ಒಳಗೆ ಗುಟ್ಟೇನೂ ಇಲ್ಲ. ಒಂದು ಮೋಟಾರು, ಒಂದು ಶಾಫ್ಟು, ಎರಡು ಬೇರಿಂಗು, ಬೀಟರ್‌ಗಳು, ಜರಡಿ. ಕೆಟ್ಟರೆ ತಾಲ್ಲೂಕು ಕೇಂದ್ರದಲ್ಲೇ ಸರಿಮಾಡುವವರಿದ್ದಾರೆ. ಹಳೆಯದನ್ನು ನೋಡೋಣ ಎನ್ನುವ ಧೈರ್ಯ ಬಂದದ್ದು ಇದರಿಂದ.

ಮೊದಲು ನೋಡಿದ ಯಂತ್ರ ಹೊಳೆಯುತ್ತಿತ್ತು. ಬೆಲೆಯೂ ಹಿಡಿಸಿತ್ತು. ಜೊತೆಗೆ ಬಂದಿದ್ದ ನಮ್ಮೂರಿನ ಮೋಟಾರು ರಿವೈಂಡಿಂಗ್ ಮೇಸ್ತ್ರಿ ಮಾತ್ರ ಬೆಲೆಯ ಮಾತಿಗೆ ಕಿವಿಗೊಡದೆ ಸ್ಪ್ಯಾನರ್ ತೆಗೆದು ಜರಡಿಯ ಬೋಲ್ಟು ಬಿಚ್ಚಿದರು. ಜರಡಿ ಕೂರುವ ತೋಡಿನೊಳಗೆ ಬೆರಳಾಡಿಸಿ ತೆಗೆದಾಗ ಉಗುರಿನ ಸಂದಿಯಲ್ಲಿ ನೀಲಿ ಬಣ್ಣ.

“ಇದರಲ್ಲಿ ಏನು ಬೀಸ್ತಿದ್ರಿ?” ಎಂದು ಅಲ್ಲೇ ನಿಂತಿದ್ದ ಕೆಲಸದ ಹುಡುಗನನ್ನು ಕೇಳಿದರು.

“ರಂಗೋಲಿ ಬಣ್ಣ ಅಣ್ಣ, ಮೊದಲು. ಆಮೇಲೆ ತೊಳೆದ್ವಿ.”

ಮೇಸ್ತ್ರಿ ಬೋಲ್ಟು ಹಾಕಿ ಎದ್ದರು. “ನಡೀರಿ ಸ್ವಾಮಿ. ಬೇರಿಂಗ್ ಬದಲಾಯಿಸಬಹುದು, ಇದನ್ನ ಬದಲಾಯಿಸಕ್ಕಾಗಲ್ಲ.”

ಆ ಮಾತಿನ ತೂಕ ನನಗೆ ದಾರಿಯಲ್ಲಿ ಬರುತ್ತ ಬರುತ್ತ ಗೊತ್ತಾಯಿತು. ಪಲ್ವರೈಸರ್ ಎಂಬುದು ಅಡುಗೆಮನೆಗಷ್ಟೇ ಸೇರಿದ ವಸ್ತುವಲ್ಲ. ಊದುಬತ್ತಿಯ ಪುಡಿ, ಸೋಪಿನ ಪುಡಿ, ಬಣ್ಣ, ಗೊಬ್ಬರ, ಎಲ್ಲವನ್ನೂ ಅದೇ ಬಗೆಯ ಯಂತ್ರದಲ್ಲಿ ಬೀಸುತ್ತಾರೆ. ಬೆಸುಗೆಯ ಬಿರುಕು, ರಬ್ಬರಿನ ಅಂಚು, ಬೋಲ್ಟಿನ ಮರೆಗಳಲ್ಲಿ ಕೂತದ್ದು ನೀರು ಹಾಕಿ ತೊಳೆದರೆ ಹೋಗುವುದಿಲ್ಲ. ತಿನ್ನುವ ಪದಾರ್ಥವನ್ನು ಮುಟ್ಟುವ ಹಳೆಯ ಯಂತ್ರದ ವಿಷಯದಲ್ಲಿ ಅದು ಹಿಂದೆ ಏನನ್ನು ಬೀಸಿತ್ತು ಎಂಬುದೇ ಮೊದಲ ಪ್ರಶ್ನೆ. ಅದಕ್ಕೆ ನಂಬುವಂಥ ಉತ್ತರ ಸಿಗದಿದ್ದರೆ ಎರಡನೆಯ ಪ್ರಶ್ನೆ ಕೇಳುವ ಅಗತ್ಯವೇ ಇಲ್ಲ. ಆಹಾರದ್ದೇ ಯಂತ್ರವಾದರೂ ಕಡಲೆಕಾಯಿ ಬೀಸಿದ್ದಾದರೆ ಕೇಳಿ ತಿಳಿಯಬೇಕು. ಕಡಲೆಕಾಯಿ ಒಗ್ಗದವರಿಗೆ ಅದರ ಅಂಶ ಸ್ವಲ್ಪ ಸೇರಿದರೂ ಜೀವಕ್ಕೆ ಅಪಾಯ.

ಎರಡನೆಯದು ಪೀಣ್ಯದ ಹತ್ತಿರದ ಒಂದು ಶೆಡ್ಡಿನಲ್ಲಿ ಸಿಕ್ಕಿತು. ಮಸಾಲೆ ಪುಡಿಯ ವ್ಯಾಪಾರ ದೊಡ್ಡದಾಗಿ, ಇದಕ್ಕಿಂತ ದೊಡ್ಡ ಯಂತ್ರ ತಂದಿದ್ದವರು ಇದನ್ನು ಮಾರುತ್ತಿದ್ದರು. ಮಾರುವ ಕಾರಣ ಕಣ್ಣೆದುರೇ ಓಡುತ್ತಿತ್ತು, ಅದು ನಮಗೆ ಸಮಾಧಾನ ಕೊಟ್ಟಿತು. ಹತ್ತು ಎಚ್‌ಪಿ ಮೋಟಾರು, ಸ್ಟೀಲ್ ಮೈ. ಹೇಳಿದ ಬೆಲೆ 95,000 ರೂಪಾಯಿ. ಮೇಸ್ತ್ರಿ ಹಿಂದಿನ ದಿನವೇ ಫೋನಿನಲ್ಲಿ ಒಂದು ಮಾತು ಕೇಳಿಕೊಂಡಿದ್ದರು: ನಾವು ಬರುವವರೆಗೆ ಯಂತ್ರವನ್ನು ಓಡಿಸಬೇಡಿ. ಬಿಸಿಯಾದ ಯಂತ್ರದಲ್ಲಿ ಗ್ರೀಸು ಕರಗಿ ಬೇರಿಂಗಿನ ಸದ್ದು ಅಡಗಿಬಿಡುತ್ತದಂತೆ. ತಣ್ಣಗಿರುವಾಗ ಅದು ಸುಳ್ಳು ಹೇಳುವುದಿಲ್ಲ.

ಅವರು ಮೊದಲು ಬೆಲ್ಟು ಕಳಚಿ ಶಾಫ್ಟನ್ನು ಕೈಯಲ್ಲಿ ತಿರುಗಿಸಿದರು. ಒಳಗೆ ಮರಳಿದ್ದಂತೆ ಗರಗರ ಎಂದಿತು. ಪುಲ್ಲಿಯನ್ನು ಹಿಡಿದು ಮೇಲೆ ಕೆಳಗೆ ಅಲ್ಲಾಡಿಸಿದಾಗ ಸ್ವಲ್ಪ ಆಟ ಇತ್ತು. ಎರಡೂ ಬೇರಿಂಗು ಬದಲಾಗಬೇಕು ಎಂದು ನನಗೆ ಬರೆದುಕೊಳ್ಳಲು ಹೇಳಿದರು. ಬೆಲ್ಟು ಇಲ್ಲದೆ ಮೋಟಾರನ್ನಷ್ಟೇ ಓಡಿಸಿ ಕ್ಲಾಂಪ್ ಮೀಟರನ್ನು ಮೂರು ವೈರಿಗೂ ಒಂದೊಂದಾಗಿ ತೊಡಿಸಿದರು. ಎರಡು ಫೇಸಿನಲ್ಲಿ 5.8, 5.9 ಆಂಪಿಯರ್, ಮೂರನೆಯದರಲ್ಲಿ 7.4. ಮೂರೂ ಹೆಚ್ಚುಕಡಿಮೆ ಒಂದೇ ಇರಬೇಕು. ಇಲ್ಲವೆಂದರೆ ಸುರುಳಿಯ ತಂತಿ ಎಲ್ಲೋ ಕೆಟ್ಟಿರಬಹುದು. ಅದೂ ಚೀಟಿಗೆ ಸೇರಿತು.

ಆಮೇಲೆ ಅತ್ತಿಗೆಯ ಸರದಿ. ಅವರು ಚೀಲದಲ್ಲಿ ನಮ್ಮದೇ ಹುರಿದ ಸಾಮಾನು 20 ಕಿಲೋ ತಂದಿದ್ದರು. ಯಾವ ಯಂತ್ರವಾದರೂ ಮಾರುವವರ ಸಾಮಾನು ಹಾಕಿ ತೋರಿಸಿದರೆ ಚೆನ್ನಾಗಿಯೇ ಓಡುತ್ತದೆ. ನಮ್ಮದು ಮುಗಿಯಲು 24 ನಿಮಿಷ ಬೇಕಾಯಿತು. ಹೊರಬಂದ ಪುಡಿಗೆ ಅತ್ತಿಗೆ ಥರ್ಮಾಮೀಟರ್ ಚುಚ್ಚಿದರು, 62 ಡಿಗ್ರಿ. ಪುಡಿಯನ್ನು ಮೂಸಿ, “ಕೊತ್ತಂಬರಿ ಘಮ ಅರ್ಧ ಇಲ್ಲೇ ಹೋಯ್ತು” ಎಂದರು. ಪುಡಿ ಬಿಸಿಯಾದಷ್ಟೂ ಘಮ ಕೊಡುವ ಎಣ್ಣೆಯಂಶ ಹಾರಿಹೋಗುತ್ತದೆ, ಮೆಣಸಿನಕಾಯಿಯ ಕೆಂಪು ಮಂಕಾಗುತ್ತದೆ. ಮೇಸ್ತ್ರಿ ಒಳಗಿನ ಬೀಟರ್ ತೋರಿಸಿದರು. ಚೌಕವಾಗಿರಬೇಕಾದ ಅಂಚು ಉರುಟಾಗಿತ್ತು. ಮೊಂಡು ಬೀಟರ್ ಕಾಳನ್ನು ಒಡೆಯುವ ಬದಲು ಉಜ್ಜುತ್ತದೆ, ಅದಕ್ಕೇ ಬಿಸಿ, ಅದಕ್ಕೇ ತಡ. ಕೊನೆಗೆ ಪುಡಿಯನ್ನು ಬಿಳಿ ಕಾಗದದ ಮೇಲೆ ಹರಡಿ ಆಯಸ್ಕಾಂತ ಆಡಿಸಿದೆವು. ಕಬ್ಬಿಣದ ಚೂರು ಅಂಟಲಿಲ್ಲ. ಸ್ಟೀಲಿನ ಚೂರು ಆಯಸ್ಕಾಂತಕ್ಕೆ ಸಿಗದೆ ಹೋಗಬಹುದಾದ್ದರಿಂದ ಕಾಗದದ ಮೇಲೂ ಕಣ್ಣಿಟ್ಟು ಹುಡುಕಿದೆವು.

ಸ್ಟೀಲಿನ ವಿಷಯದಲ್ಲೂ ಒಂದು ಮಾತು. ಅಂಗಡಿಯವರು ಆಯಸ್ಕಾಂತ ಹಿಡಿದು, “ನೋಡಿ, ಅಂಟಲ್ಲ, 304 ಸ್ಟೀಲು” ಎನ್ನುತ್ತಾರೆ. 202 ಎಂಬ ಅಗ್ಗದ ಸ್ಟೀಲಿಗೂ ಆಯಸ್ಕಾಂತ ಅಂಟುವುದಿಲ್ಲ. ಅದರಲ್ಲಿ ನಿಕ್ಕಲ್ ಕಡಿಮೆ, ಮ್ಯಾಂಗನೀಸ್ ಹೆಚ್ಚು. ಉಪ್ಪು, ಹುಣಸೆಹಣ್ಣು ಮುಟ್ಟುವ ಕಡೆ ಅದರಲ್ಲಿ ಬೇಗ ಕಂದು ಚುಕ್ಕೆ ಏಳುತ್ತದೆ. ಒಂದು ಹನಿ ದ್ರಾವಣ ಹಾಕಿ ಸಣ್ಣ ಬ್ಯಾಟರಿ ಮುಟ್ಟಿಸಿದರೆ ಬಣ್ಣದಿಂದ ವ್ಯತ್ಯಾಸ ತಿಳಿಯುವ ಪರೀಕ್ಷೆಯ ಶೀಶೆ ಸ್ಟೀಲಿನ ಅಂಗಡಿಗಳಲ್ಲಿ ಸಿಗುತ್ತದೆ. ಮಾಡಿ ನೋಡಿದೆವು, 304 ಆಗಿತ್ತು. ಹೊಸ ಯಂತ್ರ ಕೊಳ್ಳುವಾಗಲೂ ಈ ಪರೀಕ್ಷೆ ಬೇಕು. ಹೊಸದು ಎಂದ ಮಾತ್ರಕ್ಕೆ ಒಳ್ಳೆಯ ಲೋಹ ಎಂದಾಗುವುದಿಲ್ಲ.

ಚೀಟಿಯನ್ನು ಮುಂದಿಟ್ಟು ಮಾತಾಡಿದ್ದಕ್ಕೆ ಬೆಲೆ 78,000ಕ್ಕೆ ಇಳಿಯಿತು. ಸಾಗಣೆ ಮತ್ತು ಇಳಿಸುವ ಕೂಲಿ 6,500. ಬೇರಿಂಗು 3,800. ಹೊಸ ಬೀಟರ್‌ಗಳು 4,500. ಮೂರು ಅಳತೆಯ ಜರಡಿ 3,600. ಮೋಟಾರು ರಿವೈಂಡಿಂಗ್ 9,000. ಹೊಸ ಸ್ಟಾರ್ಟರ್ 4,200. ಒಳಗಿನ ಬೆಸುಗೆಗಳನ್ನು ಉಜ್ಜಿ ನಯ ಮಾಡಿಸಿದ್ದಕ್ಕೆ 5,000. ಎಲ್ಲ ಸೇರಿ 1,14,600 ರೂಪಾಯಿ. ಇಷ್ಟೇ ಸಾಮರ್ಥ್ಯದ ಹೊಸ ಯಂತ್ರಕ್ಕೆ ಹೇಳಿದ್ದು ತೆರಿಗೆ ಸೇರಿ 1,85,000. ಉಳಿತಾಯ 70,400. ರಿಪೇರಿ ಆದ ಮೇಲೆ ಅದೇ 20 ಕಿಲೋ 16 ನಿಮಿಷದಲ್ಲಿ ಮುಗಿಯಿತು, ಪುಡಿಯ ಬಿಸಿ 48 ಡಿಗ್ರಿಗೆ ಇಳಿಯಿತು.

ಆದರೆ ಲೆಕ್ಕ ಅಲ್ಲಿಗೆ ನಿಲ್ಲಬಾರದು. ಮೊದಲ ಆರು ತಿಂಗಳಲ್ಲಿ ಆ ಯಂತ್ರ ಹನ್ನೊಂದು ದಿನ ನಿಂತಿತು. ನಿಂತ ದಿನದ ಬೆಲೆಯನ್ನು ಯಾರೂ ಬಿಲ್ಲಿನಲ್ಲಿ ಬರೆದುಕೊಡುವುದಿಲ್ಲ, ನಾವೇ ಬರೆದುಕೊಳ್ಳಬೇಕು. ಮೂವರು ಹೆಂಗಸರ ಕೂಲಿ ದಿನಕ್ಕೆ 1,500 ರೂಪಾಯಿ, ಯಂತ್ರ ನಿಂತರೂ ಕೊಡಲೇಬೇಕು. ಎಂಬತ್ತು ಕಿಲೋ ಪುಡಿಯಲ್ಲಿ ನಮಗೆ ಉಳಿಯುವುದು ಕಿಲೋಗೆ 60ರಂತೆ 4,800. ಹನ್ನೊಂದರಲ್ಲಿ ಏಳು ದಿನದ ಕೆಲಸವನ್ನು ಮುಂದಿನ ವಾರಗಳಲ್ಲಿ ಮಾಡಿ ಸರಿದೂಗಿಸಿದೆವು, ಹೋದದ್ದು ಕೂಲಿ ಮಾತ್ರ, 10,500. ನಾಲ್ಕು ದಿನ ದಸರೆಯ ಮುಂಚಿನವು. ಹಬ್ಬಕ್ಕೆ ಸಿಗದ ಪುಡಿಯನ್ನು ಹಬ್ಬವಾದ ಮೇಲೆ ಯಾರೂ ಕೇಳಲಿಲ್ಲ. ಆ ನಾಲ್ಕು ದಿನ ಕೂಲಿಯೂ ಹೋಯಿತು, ಲಾಭವೂ ಹೋಯಿತು, 25,200. ಒಟ್ಟು 35,700 ಕಳೆದರೆ ಉಳಿದ ಲಾಭ 34,700. ಹಳೆಯ ಯಂತ್ರ ಗೆದ್ದಿತು, ಆದರೆ ನಾವು ಮೊದಲು ಎಣಿಸಿದ್ದರ ಅರ್ಧದಷ್ಟು ಮಾತ್ರ. ಕೆಟ್ಟ ದಿನವೇ ಮೇಸ್ತ್ರಿ ಬಂದು ಕೈ ಹಾಕುವಷ್ಟು ಹತ್ತಿರ ಇರದಿದ್ದರೆ ಆ ಅರ್ಧವೂ ಉಳಿಯುತ್ತಿರಲಿಲ್ಲ.

ಈ ಗೆಲುವು ನಮಗೆ ತಪ್ಪು ಪಾಠ ಹೇಳಿಕೊಟ್ಟಿತು. ಹಳೆಯದು ಕೊಳ್ಳುವುದು ನಮಗೆ ಬರುತ್ತದೆ ಎಂದುಕೊಂಡೆವು. ಅದೇ ಧೈರ್ಯದಲ್ಲಿ ಹಳೆಯ ಪ್ಯಾಕಿಂಗ್ ಯಂತ್ರವನ್ನು ತಂದೆವು.

ಪ್ಲಾಸ್ಟಿಕ್ ಸುರುಳಿಯನ್ನು ಕೊಳವೆಯಂತೆ ಮಡಿಸಿ, ಪುಡಿ ತುಂಬಿ, ಬಿಸಿ ಒತ್ತಿ ಅಂಟಿಸಿ ಕತ್ತರಿಸುವ ಯಂತ್ರ ಅದು. ಹೊಸದಕ್ಕೆ 4,60,000 ಹೇಳಿದ್ದರು, ನಮಗೆ 2,10,000ಕ್ಕೆ ಸಿಕ್ಕಿತು. ಮಾರಿದವರ ಶೆಡ್ಡಿನಲ್ಲಿ ಅದು ಸಕ್ಕರೆಯನ್ನು ಸರಾಗವಾಗಿ ತುಂಬಿ ತೋರಿಸಿತು. ಆ ದಿನ ಅತ್ತಿಗೆಗೆ ಬರಲಾಗಿರಲಿಲ್ಲ, ಮೇಸ್ತ್ರಿಯೂ ಬಂದಿರಲಿಲ್ಲ. ನಮ್ಮ ಪುಡಿಯನ್ನು ಕೊಂಡೊಯ್ಯಬೇಕೆಂಬ ಪಲ್ವರೈಸರಿನ ಪಾಠವನ್ನೇ ನಾನು ಮರೆತಿದ್ದೆ.

ಮನೆಗೆ ತಂದು ನಮ್ಮ ಪುಡಿ ಹಾಕಿದಾಗ ತೊಂದರೆ ಒಂದೊಂದಾಗಿ ಕಾಣತೊಡಗಿತು. ಸಕ್ಕರೆ ಜಾರುತ್ತದೆ. ಸಾಂಬಾರ್ ಪುಡಿ ಜಾರುವುದಿಲ್ಲ, ಮೇಲಿನ ಹಾಪರಿನಲ್ಲಿ ಕಮಾನಿನಂತೆ ಕಟ್ಟಿಕೊಂಡು ನಿಲ್ಲುತ್ತದೆ. ಬಡಿದರೆ ಒಮ್ಮೆಲೇ ಬೀಳುತ್ತದೆ. ಒಂದು ಪೊಟ್ಟಣದಲ್ಲಿ 180 ಗ್ರಾಂ ಬಿದ್ದರೆ ಮುಂದಿನದರಲ್ಲಿ 225. ಅಷ್ಟೇ ಅಲ್ಲ, ನಯವಾದ ಪುಡಿ ಗಾಳಿಯಲ್ಲಿ ಎದ್ದು ಅಂಟಿಸುವ ಅಂಚಿನ ಮೇಲೆ ಕೂರುತ್ತಿತ್ತು. ಪುಡಿ ಕೂತ ಕಡೆ ಪ್ಲಾಸ್ಟಿಕ್ ಸರಿಯಾಗಿ ಅಂಟುವುದಿಲ್ಲ. ಪೊಟ್ಟಣವನ್ನು ನೀರಿನಲ್ಲಿ ಮುಳುಗಿಸಿ ಮೆಲ್ಲನೆ ಅದುಮಿದಾಗ ಗುಳ್ಳೆ ಏಳುತ್ತಿತ್ತು. ಗುಳ್ಳೆ ಎದ್ದ ಪೊಟ್ಟಣದಲ್ಲಿ ಮಳೆಗಾಲದ ತೇವ ಸೇರಿ ಎರಡೇ ತಿಂಗಳಲ್ಲಿ ಪುಡಿ ಗಂಟಾಗುತ್ತದೆ.

ಇನ್ನೊಂದು, ಪೊಟ್ಟಣದ ಅಗಲ. ಅದನ್ನು ನಿರ್ಧರಿಸುವುದು ಪ್ಲಾಸ್ಟಿಕ್ಕನ್ನು ಮಡಿಸುವ ಸ್ಟೀಲಿನ ಕಾಲರ್. ಒಂದು ಅಗಲಕ್ಕೆ ಒಂದೇ ಕಾಲರ್. ಯಂತ್ರದ ಜೊತೆ ಬಂದದ್ದು 50 ಗ್ರಾಮಿನ ಪೊಟ್ಟಣದ್ದು, ನಮಗೆ ಬೇಕಾದದ್ದು 200 ಗ್ರಾಮಿನದು. ಹೊಸ ಕಾಲರ್ ಮಾಡಿಸಿದೆವು. ಅದು ಕೂತು ಹದಕ್ಕೆ ಬರುವಷ್ಟರಲ್ಲಿ ಎರಡು ದಿನ ವಿದ್ಯುತ್ ಇರಲಿಲ್ಲ. ಕರೆಂಟು ಬಂದಾಗ ಯಂತ್ರದ ಪರದೆ ಖಾಲಿ. ಒಳಗಿನ ಪಿಎಲ್‌ಸಿ ಎಂಬ ನಿಯಂತ್ರಣ ಪೆಟ್ಟಿಗೆ ತನ್ನ ನೆನಪನ್ನು ಒಂದು ಸಣ್ಣ ಬ್ಯಾಟರಿಯ ಬಲದಿಂದ ಉಳಿಸಿಕೊಂಡಿತ್ತು. ಬ್ಯಾಟರಿ ನಮ್ಮಲ್ಲಿಗೆ ಬಂದ ಮೇಲೆ ಎಂದೋ ಸತ್ತಿತ್ತು, ಕರೆಂಟು ಇದ್ದಷ್ಟು ದಿನ ಅದು ಗೊತ್ತಾಗಿರಲಿಲ್ಲ. ಯಂತ್ರ ಮಾಡಿದ ಕಂಪನಿ ಮುಚ್ಚಿಹೋಗಿತ್ತು, ಪ್ರೋಗ್ರಾಮಿನ ಪ್ರತಿ ಯಾರ ಬಳಿಯೂ ಇರಲಿಲ್ಲ. ನಮ್ಮ ಮೇಸ್ತ್ರಿ ಪೆಟ್ಟಿಗೆಯನ್ನು ತೆರೆದು ನೋಡಿ ಮುಚ್ಚಿದರು. “ತಿರುಗೋದಾದರೆ ಕೈ ಇಡ್ತೀನಿ ಸ್ವಾಮಿ. ಇದು ನನಗೆ ತಿಳಿಯೋದಲ್ಲ” ಎಂದರು.

ಸಾಗಣೆ, ಕಾಲರ್, ರಿಪೇರಿಯವರ ಓಡಾಟ ಎಲ್ಲ ಸೇರಿ 60,000 ಖರ್ಚಾಗಿತ್ತು. ಕೊನೆಗೆ ಬಿಡಿಭಾಗದ ಬೆಲೆಗೆ 75,000ಕ್ಕೆ ಮಾರಿದೆವು. ನಷ್ಟ 1,95,000 ರೂಪಾಯಿ. ಆಗ ತಿಳಿದದ್ದನ್ನು ಈಗ ಹೀಗೆ ಹೇಳಬಲ್ಲೆ. ಯಂತ್ರದಲ್ಲಿ ಸುಮ್ಮನೆ ನಿಂತಿರುವ ಭಾಗ ನಿಧಾನವಾಗಿ ಹಳತಾಗುತ್ತದೆ. ತಿರುಗುವ ಭಾಗ ಬೇಗ ಸವೆಯುತ್ತದೆ, ಆದರೆ ಸದ್ದು ಮಾಡಿ ಹೇಳುತ್ತದೆ, ಬದಲಾಯಿಸಲೂ ಬರುತ್ತದೆ. ಯೋಚಿಸುವ ಭಾಗ ಸದ್ದಿಲ್ಲದೆ ಹಳತಾಗುತ್ತದೆ, ಅದನ್ನು ಮಾಡಿದವನು ಇಲ್ಲವಾದಾಗ ಅದೂ ಇಲ್ಲವಾಗುತ್ತದೆ. ಹಳೆಯ ಪ್ಯಾಕಿಂಗ್ ಯಂತ್ರ ಕೊಳ್ಳಲೇಬೇಕಾದವರು ಪ್ರೋಗ್ರಾಮಿನ ಪ್ರತಿ, ಪಾಸ್‌ವರ್ಡ್ ಕೈಗೆ ಬಂದ ಮೇಲಷ್ಟೇ ಹಣ ಕೊಡಬೇಕು, ಬ್ಯಾಟರಿಯನ್ನು ತಾವೇ ಮುಂದೆ ನಿಂತು ಬದಲಾಯಿಸಿಕೊಳ್ಳಬೇಕು.

ಆದರೆ ಇನ್ನೂ ದೊಡ್ಡ ತಪ್ಪು ಬೇರೆ ಇತ್ತು, ಅದು ಕಾಣಿಸಿದ್ದು ಯಂತ್ರ ಹೋದ ಮೇಲೆ. ತಕ್ಕಡಿ, ಸೌಟು, 11,000 ರೂಪಾಯಿಯ ಒಂದು ಬ್ಯಾಂಡ್ ಸೀಲರ್ ಇಟ್ಟುಕೊಂಡು ಇಬ್ಬರು ಹೆಂಗಸರು ಪೊಟ್ಟಣ ಕಟ್ಟತೊಡಗಿದರು. ದಿನದ ಎಂಬತ್ತು ಕಿಲೋ ಎಂದರೆ 200 ಗ್ರಾಮಿನ 400 ಪೊಟ್ಟಣ. ಸಂಜೆಯೊಳಗೆ ಮುಗಿಯುತ್ತಿತ್ತು, ಒಂದೂ ಸೋರುತ್ತಿರಲಿಲ್ಲ. ಒಂದು ದಿನ ಲೆಕ್ಕ ಹಾಕಿ ನೋಡಿದೆ. ಆ ಯಂತ್ರ ನಿಮಿಷಕ್ಕೆ 20 ಪೊಟ್ಟಣ ಕಟ್ಟುವಂಥದ್ದು. ನಮ್ಮ ದಿನದ ಕೆಲಸ ಅದಕ್ಕೆ 20 ನಿಮಿಷದ್ದು. ದಿನಕ್ಕೆ 20 ನಿಮಿಷ ಓಡುವ ಯಂತ್ರಕ್ಕಾಗಿ ನಾವು ಹಳೆಯದೋ ಹೊಸದೋ ಎಂದು ತಿಂಗಳುಗಟ್ಟಲೆ ಚರ್ಚಿಸಿದ್ದೆವು. ಅದು ಬೇಕೋ ಬೇಡವೋ ಎಂದು ಒಂದು ಸಂಜೆಯೂ ಕೂತು ನೋಡಿರಲಿಲ್ಲ.

ಮೂರನೆಯದು ಹುರಿಯುವ ಯಂತ್ರ. ಇದು ಹೊಸದು. ಆಹಾರ ಸಂಸ್ಕರಣೆಯ ಕಿರು ಘಟಕಗಳಿಗಾಗಿ 2020ರಲ್ಲಿ ಕೇಂದ್ರ ಸರ್ಕಾರ ತಂದ ಪಿಎಂಎಫ್‌ಎಂಇ ಯೋಜನೆಯಲ್ಲಿ ಶೇಕಡ 35ರಷ್ಟು ಸಹಾಯಧನ ಇತ್ತು, ಕರ್ನಾಟಕ ಸರ್ಕಾರ ಅದಕ್ಕೆ ತನ್ನ ಪಾಲು ಸೇರಿಸಿ ಶೇಕಡ 50 ಮಾಡಿತ್ತು. ಬ್ಯಾಂಕ್ ಸಾಲದ ಜೊತೆಗೇ ಇದು ಬರುತ್ತಿತ್ತು. ನಮ್ಮ ಬ್ಯಾಂಕು ಹೊಸ ಯಂತ್ರದ ಕೊಟೇಶನ್ ಕೇಳಿತು. ಹಳೆಯದಕ್ಕೆ ಸಾಲದ ದಾರಿ ಇರಲಿಲ್ಲ.

30 ಕಿಲೋ ಹಿಡಿಯುವ ಡ್ರಮ್ಮಿಗೂ 100 ಕಿಲೋ ಹಿಡಿಯುವ ಡ್ರಮ್ಮಿಗೂ ಬೆಲೆಯ ಅಂತರ ಇತ್ತು. ಆದರೆ ಅರ್ಧ ಸರ್ಕಾರದ್ದು ಎಂದುಕೊಂಡಾಗ ಅಂತರ ಸಣ್ಣದಾಗಿ ಕಂಡಿತು. ಮುಂದೆ ಬೆಳೆಯುತ್ತೇವಲ್ಲ, ದೊಡ್ಡದೇ ಇರಲಿ ಎಂದು 3,40,000 ರೂಪಾಯಿಯ ದೊಡ್ಡದನ್ನು ತಂದೆವು. ಯಂತ್ರದಲ್ಲಿ ಒಂದು ಲೋಪವೂ ಇರಲಿಲ್ಲ. ಬೆಸುಗೆ ನಯ, ಸ್ಟೀಲು ಹೇಳಿದ್ದೇ, ಗ್ಯಾರಂಟಿ ಒಂದು ವರ್ಷ.

ಮೊದಲ ದಿನ 36 ಕಿಲೋ ಕೊತ್ತಂಬರಿ ಹಾಕಿದಾಗಲೇ ಅತ್ತಿಗೆಯ ಮುಖ ಬದಲಾಯಿತು. ನೂರು ಕಿಲೋ ತುಂಬಿದಾಗ ಕಾಳು ಒಂದರ ಮೇಲೊಂದು ಉರುಳುತ್ತ ಕಾವನ್ನು ಹಂಚಿಕೊಳ್ಳಬೇಕು, ಹಾಗೆಂದೇ ಆ ಡ್ರಮ್ಮಿನ ಒಳರೆಕ್ಕೆಗಳನ್ನು ಮಾಡಿರುತ್ತಾರೆ. ಕಡಿಮೆ ಹಾಕಿದರೆ ಕಾಳು ಕಾದ ಗೋಡೆಗೇ ಮತ್ತೆ ಮತ್ತೆ ತಗಲಿ ಹೊರಗೆ ಕಪ್ಪಾಗುತ್ತದೆ, ಒಳಗೆ ಹಸಿಯಾಗಿಯೇ ಉಳಿಯುತ್ತದೆ. ಕೊತ್ತಂಬರಿಯನ್ನು ಉರಿ ಸಣ್ಣದು ಮಾಡಿ ಹೇಗೋ ಹುರಿದರು. ಜೀರಿಗೆ 4 ಕಿಲೋ ಹಾಕಿದಾಗ ಅರ್ಧ ರೆಕ್ಕೆಯ ಬುಡದಲ್ಲೇ ಸಿಕ್ಕಿ ಸುಟ್ಟಿತು. ಮೆಂತ್ಯದ ಸರದಿ ಬಂದಾಗ ಅತ್ತಿಗೆ ಕೈ ತಡೆದರು.

ಮೆಂತ್ಯ ಒಂದು ಕ್ಷಣ ಹೆಚ್ಚು ಹುರಿದರೂ ಕಹಿ. ಆ ಕಹಿ ಎಂಬತ್ತು ಕಿಲೋ ಪುಡಿಗೂ ಇಳಿಯುತ್ತದೆ. ನಮ್ಮ ಪುಡಿಯಲ್ಲಿ ಅರಿಸಿನ ಬಿಟ್ಟು ಮಿಕ್ಕ ಏಳೂ ಸಾಮಾನಿನ ಹದ ಬೇರೆ ಬೇರೆ. ಒಂದರ ಕಾವು ಇನ್ನೊಂದಕ್ಕೆ ಆಗದು. ಅಷ್ಟು ದಪ್ಪದ ಕಬ್ಬಿಣ ಕಾಯಲು ಮುಕ್ಕಾಲು ಗಂಟೆ, ಆರಲು ಅದಕ್ಕಿಂತ ಹೆಚ್ಚು. ಪ್ರತಿ ಸಾಮಾನಿಗೂ ಕಾವು ಬದಲಾಯಿಸುತ್ತ ಹೋದರೆ ನಾವು ಹುರಿಯುವುದು ಕಾಳನ್ನಲ್ಲ, ಕಬ್ಬಿಣವನ್ನು. ಗ್ಯಾಸ್ ಸಿಲಿಂಡರಿನ ಖರ್ಚು ಅದನ್ನೇ ಹೇಳಿತು. ಅತ್ತಿಗೆ ಮನೆಗೆ ಹೋಗಿ ತಮ್ಮ ಹಳೆಯ ಬಾಣಲೆ ತಂದರು. ಹೊಳೆಯುವ ಡ್ರಮ್ಮಿನ ಪಕ್ಕದಲ್ಲಿ ಒಲೆ ಹಚ್ಚಿ, ಮೂರು ಕಿಲೋ ಮೆಂತ್ಯವನ್ನು ಒಂದೊಂದೇ ಕಿಲೋದಂತೆ ಮೂರು ಸಲ ಹುರಿದರು. ನಾನು ಪಕ್ಕದಲ್ಲಿ ನಿಂತು ನೋಡುತ್ತಿದ್ದೆ. ಆ ಹೊತ್ತಿಗೆ ನನಗೆ ಆಡಲು ಮಾತಿರಲಿಲ್ಲ.

ಹಳೆಯ ಪಲ್ವರೈಸರನ್ನು ಬೇಡವೆನಿಸಿದ ದಿನ ಮಾರಬಹುದು, ಕೊಂಡ ಬೆಲೆಯ ಹತ್ತಿರವೇ ಸಿಗುತ್ತದೆ. ಅದರ ಬೆಲೆ ಬೀಳಬೇಕಾದಷ್ಟು ನಮ್ಮ ಕೈಗೆ ಬರುವ ಮೊದಲೇ ಬಿದ್ದಿದೆ. ಈ ಡ್ರಮ್ಮನ್ನು ಮಾರುವಂತಿರಲಿಲ್ಲ. ಯಂತ್ರ ಬ್ಯಾಂಕಿಗೆ ಅಡವು. ಸಹಾಯಧನ ನಮ್ಮ ಕೈಗೆ ಬರದೆ ಮೂರು ವರ್ಷ ಬೇರೆ ಖಾತೆಯಲ್ಲಿ ಕೂತಿರುತ್ತದೆ. ಸಾಲ ಸರಿಯಾಗಿ ನಡೆದು, ಘಟಕವೂ ನಡೆಯುತ್ತಿದ್ದರೆ ಆಮೇಲೆ ಸಾಲಕ್ಕೆ ಜಮೆ ಆಗುತ್ತದೆ. ಅರ್ಧ ಬೆಲೆಗೆ ಸಿಕ್ಕಿತೆಂದು ನಾವು ತಿಳಿದ ಯಂತ್ರ ನಮ್ಮನ್ನು ಮೂರು ವರ್ಷ ಹಿಡಿದಿಟ್ಟಿತು. ಯೋಜನೆಯದು ತಪ್ಪಲ್ಲ. ಸರಿಯಾದ ಅಳತೆ ಗೊತ್ತಿದ್ದವರಿಗೆ ಅದು ದೊಡ್ಡ ನೆರವು. ನಮಗೆ ಅಳತೆ ಗೊತ್ತಿರಲಿಲ್ಲ, ಅಳತೆ ಗೊತ್ತಾಗುವ ಮೊದಲೇ ಸಹಿ ಹಾಕಿದ್ದೆವು.

ಮೂರೂ ಯಂತ್ರಗಳನ್ನು ಒಟ್ಟಿಗೆ ಇಟ್ಟು ನೋಡಿದಾಗ ನನಗೆ ಹೊಳೆದದ್ದು ಇದು. ಹಳೆಯ ಯಂತ್ರ ಕೊಳ್ಳುವವನಿಗೆ ಯಂತ್ರ ಗೊತ್ತಿರಬೇಕು. ಹೊಸ ಯಂತ್ರ ಕೊಳ್ಳುವವನಿಗೆ ತನ್ನ ಕೆಲಸ ಗೊತ್ತಿರಬೇಕು. ಹಳೆಯದರಲ್ಲಿ ಅಡಗಿರುವುದು ಯಂತ್ರದ ಹಿಂದಿನ ದಿನಗಳು. ಬೇರಿಂಗಿನ ಸದ್ದು, ಉಗುರಿಗೆ ಹತ್ತಿದ ಬಣ್ಣ, ಸತ್ತ ಬ್ಯಾಟರಿ. ಅದನ್ನು ಓದಬಲ್ಲವರು ಜೊತೆಗಿದ್ದರೆ ಅಪಾಯ ಕಡಿಮೆ. ಹೊಸದರಲ್ಲಿ ಅಡಗಿರುವುದು ನಮ್ಮ ಮುಂದಿನ ದಿನಗಳು; ದಿನಕ್ಕೆ ಎಷ್ಟು ಕಿಲೋ, ಎಷ್ಟು ಬಗೆ, ಯಾವ ಅಳತೆಯ ಪೊಟ್ಟಣ, ಯಾವ ತಿಂಗಳು ಬೇಡಿಕೆ ಬಿಗಿ. ಅದನ್ನು ನಮ್ಮ ಬದಲು ಓದಬಲ್ಲ ಮೇಸ್ತ್ರಿ ಯಾರೂ ಇಲ್ಲ. ಗ್ಯಾರಂಟಿ ಪತ್ರ ಯಂತ್ರದ ತಪ್ಪಿಗೆ ಮಾತ್ರ. ನಾವು ತಪ್ಪು ಯಂತ್ರ ಆರಿಸಿದ್ದಕ್ಕೆ ಗ್ಯಾರಂಟಿ ಯಾರೂ ಕೊಡುವುದಿಲ್ಲ.

ಶುರುವಿನ ವರ್ಷ ನಮಗೆ ಮುಂದಿನ ದಿನಗಳು ಗೊತ್ತಿರುವುದೇ ಇಲ್ಲ. ಪಲ್ವರೈಸರಿನಂಥ ಸರಳ ಯಂತ್ರವನ್ನು, ಊರಲ್ಲೇ ರಿಪೇರಿ ಆಗುವುದಾದರೆ, ಹಳೆಯದೇ ಕೊಳ್ಳಬಹುದು ಎನ್ನುವುದು ಅದಕ್ಕೇ. ತಪ್ಪಾದರೆ ಮಾರಿ ಹೊರಬರಬಹುದು. ಕೈಯಲ್ಲಿ ಆಗುವ ಕೆಲಸವನ್ನು ಆದಷ್ಟು ದಿನ ಕೈಯಲ್ಲೇ ಮಾಡಬೇಕು, ಆ ಕೈಗಳೇ ಮುಂದೆ ಎಂಥ ಯಂತ್ರ ಬೇಕೆಂದು ಹೇಳಿಕೊಡುತ್ತವೆ. ಒಂದು ವರ್ಷದ ಎಲ್ಲ ಹಬ್ಬಗಳೂ ಕಳೆದು ಅಳತೆ ಖಚಿತವಾದ ಮೇಲೆ ಹೊಸದಕ್ಕೆ, ಸಾಲಕ್ಕೆ, ಸಹಾಯಧನಕ್ಕೆ ಕೈ ಹಾಕಿದರೆ ಅದು ಹೊರೆಯಾಗುವುದಿಲ್ಲ.

ನಾವು ಹಾಗೆ ಮಾಡಿದ್ದು ಎರಡು ವರ್ಷ ತಡವಾಗಿ. ಈಗ ಸಣ್ಣ ಡ್ರಮ್ಮು ಒಂದಿದೆ, ಹೊಸದು, ಸ್ವಂತ ದುಡ್ಡಿನದು. ಪೀಣ್ಯದಲ್ಲಿ ಹೇಳಿ ಮಾಡಿಸಿದ್ದು. ಹಣ ಕೊಡುವ ಮೊದಲು ಅತ್ತಿಗೆ ಅದರಲ್ಲಿ ಮೂರು ಕಿಲೋ ಮೆಂತ್ಯ ಹುರಿದು, ಒಂದು ಕಾಳು ಬಾಯಿಗೆ ಹಾಕಿಕೊಂಡು ನೋಡಿ, ಸರಿ ಎಂದ ಮೇಲೆ ನಾನು ಚೆಕ್ ಬರೆದೆ. ದೊಡ್ಡ ಡ್ರಮ್ಮಿನಲ್ಲಿ ಸುತ್ತಲಿನ ರೈತರ ರಾಗಿ ಹುರಿದುಕೊಡುತ್ತೇವೆ. ನೂರು ಕಿಲೋ ರಾಗಿ ತುಂಬಿದಾಗ ಅದು ಎಷ್ಟು ಚೆನ್ನಾಗಿ ಕೆಲಸ ಮಾಡುತ್ತದೆಂದರೆ, ಅದರದ್ದೇನೂ ತಪ್ಪಿರಲಿಲ್ಲ ಎಂಬುದು ಪ್ರತಿ ಸಲವೂ ಮನಸ್ಸಿಗೆ ಬರುತ್ತದೆ. ಹಳೆಯ ಪಲ್ವರೈಸರ್ ಇವತ್ತು ಬೆಳಿಗ್ಗೆಯೂ ಓಡಿತು.

ಹೊಸದಾಗಿ ಘಟಕ ಹಾಕುವ ಹುಡುಗರು, ಸ್ವಸಹಾಯ ಸಂಘದ ಹೆಂಗಸರು ಆಗಾಗ ನೋಡಲು ಬರುತ್ತಾರೆ. ಯಂತ್ರಗಳನ್ನು ಸುತ್ತಿ ಬಂದು, “ಹಳೇದು ತಗೊಳ್ಳೋದಾ, ಹೊಸದಾ?” ಎಂದು ಕೇಳುತ್ತಾರೆ. ಅತ್ತಿಗೆ ಅವರಿಗೆ ಕಾಫಿ ಕೊಟ್ಟು ಕೂರಿಸಿ, “ನೀವು ಮಾಡೋ ಪುಡೀಲಿ ಎಲ್ಲಕ್ಕಿಂತ ಕಡಿಮೆ ಹಾಕೋ ಸಾಮಾನು ಯಾವುದಮ್ಮ? ಅದು ಎಷ್ಟು ಕಿಲೋ?” ಎನ್ನುತ್ತಾರೆ. ಥಟ್ಟನೆ ಉತ್ತರ ಬಂದರೆ ಪೀಣ್ಯದ ವಿಳಾಸ ಬರೆದುಕೊಡುತ್ತಾರೆ. ಬರದಿದ್ದರೆ ಬಾಣಲೆ ತೋರಿಸುತ್ತಾರೆ.